ಓದಿನ ಗಂಟೆ ಮತ್ತು ಅಂಕಗಳ ಸ್ಕ್ಯಾಟರ್ ಪ್ಲಾಟ್: ಎರಡು ಚುಕ್ಕೆಗಳಿಂದ ಗೆರೆಯೇ ಮಲಗಿಬಿಟ್ಟಿದೆ, ಅವನ್ನು ತೆಗೆಯಬಹುದೇ?

ಗ್ರಾಫ್‌ಹಾಳೆ

ಒಂಬತ್ತನೇ ತರಗತಿಗೆ ಸ್ಕ್ಯಾಟರ್ ಪ್ಲಾಟ್ ಮತ್ತು ಬೆಸ್ಟ್ ಫಿಟ್ ಗೆರೆ ಹೇಳಿಕೊಡುತ್ತಿದ್ದೇನೆ. ಪುಸ್ತಕದ ಉದಾಹರಣೆ ಬಿಟ್ಟು ಮಕ್ಕಳದೇ ಮಾಹಿತಿ ಬಳಸೋಣ ಎಂದುಕೊಂಡು ಒಂದೊಂದು ಚೀಟಿ ಕೊಟ್ಟೆ. ವಾರಕ್ಕೆ ಎಷ್ಟು ಗಂಟೆ ಓದುತ್ತೀರಿ, ಕಳೆದ ಗಣಿತ ಪರೀಕ್ಷೆಯಲ್ಲಿ 50ಕ್ಕೆ ಎಷ್ಟು ಬಂತು, ಇಷ್ಟೇ ಪ್ರಶ್ನೆ. ಹೆಸರು ಬರೆಸಲಿಲ್ಲ, ಪ್ರತಿ ಚೀಟಿಗೂ ಒಂದು ಸಂಖ್ಯೆ ಮಾತ್ರ.

ಒಂದು ಗುಂಪಿನ ಹನ್ನೆರಡು ಚೀಟಿ ಹೀಗಿವೆ. ಮೊದಲನೆಯದು ಗಂಟೆ, ಎರಡನೆಯದು ಅಂಕ:

2–18, 3–22, 4–21, 5–28, 6–27, 6–35, 7–32, 8–38, 9–36, 10–43, ಆಮೇಲೆ 10–18 ಮತ್ತು 2–42.

ಕೊನೆಯ ಎರಡನ್ನು ಬಿಟ್ಟರೆ ಚುಕ್ಕೆಗಳು ಚೆನ್ನಾಗಿ ಏರಿಕೊಂಡು ಹೋಗುತ್ತವೆ. ಹತ್ತು ಚುಕ್ಕೆಗೆ ಕಂಪ್ಯೂಟರ್ ಕೊಟ್ಟ ಗೆರೆ: ಅಂಕ = 12 + 3 × ಗಂಟೆ. ಆ ಎರಡನ್ನೂ ಸೇರಿಸಿದ ಕೂಡಲೇ ಅದು ಸುಮಾರು 24.5 + 0.91 × ಗಂಟೆ ಆಗುತ್ತದೆ. ಗಂಟೆಗೆ ಮೂರು ಅಂಕ ಏರುತ್ತಿದ್ದದ್ದು ಒಂದಕ್ಕೂ ಕಡಿಮೆ ಆಯಿತು. ಮಕ್ಕಳು ಕಣ್ಣಳತೆಯಲ್ಲಿ ಎಳೆದ ಗೆರೆಗಳಂತೂ ಒಂದೊಂದು ಬೆಂಚಿಗೆ ಒಂದೊಂದು ಥರ.

ನನ್ನ ಪ್ರಶ್ನೆ ಎರಡು. ಆ ಎರಡು ಚುಕ್ಕೆಗಳನ್ನು ಬಿಟ್ಟು ಪಾಠ ಮುಂದುವರಿಸಬಹುದೇ? ಕಣ್ಣಳತೆಯ ಗೆರೆಗಳಲ್ಲಿ ಯಾವುದು ಉತ್ತಮ ಎಂದು ಮಕ್ಕಳಿಗೆ ಒಪ್ಪಿಗೆಯಾಗುವ ಹಾಗೆ ತೋರಿಸುವುದು ಹೇಗೆ?

ಲೆಕ್ಕದಮೇಷ್ಟ್ರು

ಎರಡನೇ ಪ್ರಶ್ನೆಗೆ ನಾನು ಬಹಳ ವರ್ಷದಿಂದ ಹೇಳಿಕೊಡುತ್ತಿರುವ ಸೂತ್ರ ಸರಳ. ಗೆರೆಯ ಮೇಲೆ ಎಷ್ಟು ಚುಕ್ಕೆ ಇವೆಯೋ ಕೆಳಗೂ ಅಷ್ಟೇ ಇರಬೇಕು. ಮಕ್ಕಳು ಎಣಿಸಿ ನೋಡಿಕೊಳ್ಳುತ್ತಾರೆ, ಜಗಳ ಮುಗಿಯುತ್ತದೆ. ಮೊದಲನೆಯದಕ್ಕೆ ನನ್ನ ಉತ್ತರ, ತೆಗೆದುಬಿಡಿ ಮೇಡಂ. ಮೊದಲ ಸಲ ಗ್ರಾಫ್ ನೋಡುತ್ತಿರುವ ಮಕ್ಕಳಿಗೆ ಸ್ವಚ್ಛವಾದ ಚಿತ್ರ ಬೇಕು. ಅಪವಾದಗಳ ಕಥೆ ಆಮೇಲೆ ಹೇಳಿದರಾಯಿತು.

ಸಂಖ್ಯಾಸಖ

ಮೇಷ್ಟ್ರೇ, ಎಣಿಸಿ ನೋಡುವ ಅಭ್ಯಾಸ ಒಳ್ಳೆಯದೇ. ತೀರಾ ತಪ್ಪಾದ ಗೆರೆಗಳನ್ನು ಅದು ಹಿಡಿದುಕೊಡುತ್ತದೆ. ಆದರೆ ಅದೊಂದೇ ಸಾಲದು. ಮೇಡಂ ಕೊಟ್ಟ ಮೊದಲ ಹತ್ತು ಚುಕ್ಕೆಗಳನ್ನೇ ತೆಗೆದುಕೊಳ್ಳಿ. 30 ಅಂಕದ ಮಟ್ಟದಲ್ಲಿ ಅಡ್ಡಡ್ಡವಾಗಿ ಒಂದು ಗೆರೆ ಎಳೆಯಿರಿ, ಸ್ವಲ್ಪವೂ ಏರಿಳಿತ ಇಲ್ಲದೆ. ಮೇಲೆ ಐದು ಚುಕ್ಕೆ, ಕೆಳಗೆ ಐದು ಚುಕ್ಕೆ. ನಿಮ್ಮ ಪರೀಕ್ಷೆಯಲ್ಲಿ ಈ ಗೆರೆ ಪಾಸಾಗುತ್ತದೆ, ಆದರೆ ಓದಿಗೂ ಅಂಕಕ್ಕೂ ಸಂಬಂಧವೇ ಇಲ್ಲ ಎನ್ನುತ್ತದೆ. ಚುಕ್ಕೆಗಳು ಎಡಗಡೆ ಎಲ್ಲ ಕೆಳಗೆ, ಬಲಗಡೆ ಎಲ್ಲ ಮೇಲೆ ಬಿದ್ದಿವೆ ಎಂಬುದನ್ನು ಎಣಿಕೆ ನೋಡುವುದೇ ಇಲ್ಲ.

ನಾನು ತರಗತಿಯಲ್ಲಿ ಮಾಡಿಸುವುದು ಹೀಗೆ. ಗಂಟೆಗಳ ಸರಾಸರಿ, ಅಂಕಗಳ ಸರಾಸರಿ ಮಕ್ಕಳೇ ಲೆಕ್ಕ ಹಾಕಲಿ. ಈ ಹತ್ತಕ್ಕೆ ಅದು 6 ಗಂಟೆ, 30 ಅಂಕ. ಗ್ರಾಫ್ ಹಾಳೆಯನ್ನು ರಟ್ಟಿನ ಮೇಲಿಟ್ಟು ಆ ಜಾಗದಲ್ಲಿ ಒಂದು ಗುಂಡುಸೂಜಿ ಚುಚ್ಚಿ. ಪಾರದರ್ಶಕ ಸ್ಕೇಲ್ ಅನ್ನು ಸೂಜಿಗೆ ತಾಗಿಸಿ ನಿಧಾನವಾಗಿ ತಿರುಗಿಸಲಿ. ಬೆಸ್ಟ್ ಫಿಟ್ ಗೆರೆ ಯಾವಾಗಲೂ ಸರಾಸರಿ ಚುಕ್ಕೆಯ ಮೂಲಕವೇ ಹಾಯುತ್ತದೆ, ಹಾಗಾಗಿ ಉಳಿಯುವ ಪ್ರಶ್ನೆ ಒಂದೇ: ಎಷ್ಟು ಓರೆ?

ಪ್ರತಿ ಬೆಂಚೂ ತನಗೆ ಸರಿ ಕಂಡ ಓರೆಯಲ್ಲಿ ಗೆರೆ ಎಳೆದ ಮೇಲೆ, ಪ್ರತಿ ಚುಕ್ಕೆಯಿಂದ ಗೆರೆಗೆ ನೇರ ಮೇಲೆ ಅಥವಾ ಕೆಳಗೆ ಎಷ್ಟು ಅಂಕ ದೂರ ಎಂದು ಅಳೆಯಬೇಕು. ಅದರ ವರ್ಗ ಮಾಡಿ ಎಲ್ಲ ಕೂಡಿಸಬೇಕು. ಸ್ಕೇಲ್ ಅನ್ನು ಗೆರೆಗೆ ಲಂಬವಾಗಿ ಹಿಡಿಯುವವರು ಪ್ರತಿ ಸಲವೂ ಇರುತ್ತಾರೆ, ಅಡ್ಡಾಡಿ ನೋಡಿಕೊಳ್ಳಿ. ನಾವು ಊಹಿಸುತ್ತಿರುವುದು ಅಂಕವನ್ನು, ಆದ್ದರಿಂದ ತಪ್ಪನ್ನೂ ಅಂಕದ ಅಕ್ಷದ ದಿಕ್ಕಿನಲ್ಲೇ ಅಳೆಯಬೇಕು.

ಗಂಟೆಗೆ 2 ಅಂಕ ಏರುವ ಗೆರೆ ಎಳೆದ ಬೆಂಚಿಗೆ ಮೊತ್ತ 120 ಬರುತ್ತದೆ. 4 ಅಂಕ ಏರುವ ಗೆರೆಗೂ 120. 2.5 ಮತ್ತು 3.5ಕ್ಕೆ 75. ಸರಿಯಾಗಿ 3 ಇದ್ದರೆ 60. ಅಡ್ಡ ಗೆರೆಗೆ 600! ಹಲಗೆಯ ಮೇಲೆ ಎಲ್ಲ ಬೆಂಚಿನ ಮೊತ್ತ ಬರೆದರೆ ಮಕ್ಕಳೇ ತಳ ಎಲ್ಲಿದೆ ಎಂದು ಕಂಡುಕೊಳ್ಳುತ್ತಾರೆ. ಯಾರ ಗೆರೆ ಉತ್ತಮ ಎಂದು ನೀವು ತೀರ್ಪು ಕೊಡಬೇಕಾಗಿಯೇ ಇಲ್ಲ.

ಚುಕ್ಕೆ ತೆಗೆಯುವ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದು ಇದಕ್ಕಿಂತ ದೊಡ್ಡ ಪ್ರಶ್ನೆ.

ಪ್ರಯೋಗಶಾಲೆ

ನಾನು ಭೌತಶಾಸ್ತ್ರ ಕಲಿಸುವವಳು. ಸ್ಪ್ರಿಂಗ್‌ಗೆ ತೂಕ ಕಟ್ಟಿ ಎಷ್ಟು ಉದ್ದವಾಯಿತು ಎಂದು ಅಳೆಯುವಾಗ ಗೆರೆಯನ್ನು ಮೂಲಬಿಂದುವಿನಿಂದಲೇ ಎಳೆಸುತ್ತೇವೆ. ತೂಕ ಇಲ್ಲದಿದ್ದರೆ ಹಿಗ್ಗುವುದೂ ಇಲ್ಲ. ಇಲ್ಲೂ ಓದದಿದ್ದರೆ ಅಂಕ ಇಲ್ಲ ಅಲ್ಲವೇ? ಸೊನ್ನೆ ಗಂಟೆಗೆ 12 ಅಂಕ ಎಂಬ ಗೆರೆಯನ್ನು ಮಕ್ಕಳಿಗೆ ತೋರಿಸಿದರೆ ಓದದೇ 12 ಬರುತ್ತದೆ ಅಂದುಕೊಳ್ಳುವುದಿಲ್ಲವೇ?

ಸಂಖ್ಯಾಸಖ

ಮೇಡಂ, ಸ್ಪ್ರಿಂಗ್‌ನ ವಿಷಯದಲ್ಲಿ ಸೊನ್ನೆಗೆ ಸೊನ್ನೆ ಎಂದು ನಿಮಗೆ ಮೊದಲೇ ಗೊತ್ತು, ಅಳೆದೂ ನೋಡಬಹುದು. ಇಲ್ಲಿ ಮನೆಯಲ್ಲಿ ಪುಸ್ತಕ ತೆರೆಯದ ಹುಡುಗನೂ ತರಗತಿಯಲ್ಲಿ ಕೂತು ಪಾಠ ಕೇಳಿರುತ್ತಾನೆ. ಸೊನ್ನೆಗೆ ಸೊನ್ನೆ ಎನ್ನಲು ಆಧಾರ ಇಲ್ಲ.

ಬಲವಂತವಾಗಿ ಮೂಲಬಿಂದುವಿನಿಂದ ಎಳೆದರೆ ಏನಾಗುತ್ತದೆ ಎಂದು ನೋಡಿ. ಆಗ ಬರುವ ಅತ್ಯುತ್ತಮ ಗೆರೆ ಗಂಟೆಗೆ ಸುಮಾರು 4.7 ಅಂಕ ಏರುತ್ತದೆ. ಅದರ ಪ್ರಕಾರ 2 ಗಂಟೆ ಓದಿದವರಿಗೆ 9 ಅಂಕ ಬರಬೇಕು, ನಿಜವಾಗಿ ಬಂದದ್ದು 18. ಎಡಗಡೆಯ ನಾಲ್ಕು ಚುಕ್ಕೆಗಳೂ ಗೆರೆಗಿಂತ ಮೇಲೆ, ಬಲತುದಿಯ ಎರಡೂ ಸಾಕಷ್ಟು ಕೆಳಗೆ. ವರ್ಗಗಳ ಮೊತ್ತ 60ರಿಂದ 266ಕ್ಕೆ ಏರುತ್ತದೆ. ಒಂದು ಕಡೆ ಎಲ್ಲ ಮೇಲೆ, ಇನ್ನೊಂದು ಕಡೆ ಎಲ್ಲ ಕೆಳಗೆ ಇದ್ದರೆ ಗೆರೆಯ ಓರೆ ತಪ್ಪಿದೆ ಎಂದೇ ಲೆಕ್ಕ.

12ರ ಬಗ್ಗೆ ನಿಮ್ಮ ಆತಂಕ ಸರಿಯಾಗಿದೆ. ಅದಕ್ಕೆ ಮದ್ದು, ಗೆರೆಯನ್ನು 2 ಗಂಟೆಯಿಂದ 10 ಗಂಟೆಯವರೆಗೆ ಮಾತ್ರ ಎಳೆಯಲು ಹೇಳುವುದು. ಅದರಾಚೆ ನಮ್ಮ ಹತ್ತಿರ ಚುಕ್ಕೆಗಳೇ ಇಲ್ಲ. ಬೇಕಿದ್ದರೆ ಮಕ್ಕಳಿಗೆ 15 ಗಂಟೆಗೆ ಎಷ್ಟು ಬರುತ್ತದೆ ಎಂದು ಕೇಳಿ. ಗೆರೆ 57 ಎನ್ನುತ್ತದೆ, ಪರೀಕ್ಷೆ ಇರುವುದೇ 50ಕ್ಕೆ. ಗೆರೆಯನ್ನು ಚುಕ್ಕೆಗಳಾಚೆ ಎಳೆಯಬಾರದು ಎಂಬುದು ಆಮೇಲೆ ಅವರಿಗೆ ಮರೆಯುವುದಿಲ್ಲ.

ಒಬ್ಬ_ತಂದೆ

ಮಧ್ಯೆ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನ ಮಗಳು ವಾರಕ್ಕೆ ಎಂಟು ಗಂಟೆ ಗಣಿತಕ್ಕೇ ಕೂರುತ್ತಾಳೆ, 50ಕ್ಕೆ 26 ದಾಟುತ್ತಿಲ್ಲ. ನಿಮ್ಮ ಗೆರೆಯ ಪ್ರಕಾರ ಅವಳಿಗೆ 36 ಬರಬೇಕಿತ್ತು. 40 ಬರಬೇಕಾದರೆ ಇನ್ನೆಷ್ಟು ಗಂಟೆ ಓದಿಸಬೇಕು? ಲೆಕ್ಕ ಹಾಕಿ ಹೇಳುತ್ತೀರಾ?

ಸಂಖ್ಯಾಸಖ

ಸರ್, ಈ ಗೆರೆಯಿಂದ ಆ ಉತ್ತರ ಬರುವುದಿಲ್ಲ. ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇದು ಬೇರೆ ಬೇರೆ ಹತ್ತು ಮಕ್ಕಳನ್ನು ಒಂದೇ ವಾರದಲ್ಲಿ ಪಕ್ಕಪಕ್ಕ ನಿಲ್ಲಿಸಿ ಹೋಲಿಸಿದ್ದು. ಹೆಚ್ಚು ಓದುವವರು ಕಡಿಮೆ ಓದುವವರಿಗಿಂತ ಸರಾಸರಿಯಲ್ಲಿ ಗಂಟೆಗೆ ಮೂರರಂತೆ ಮುಂದಿದ್ದಾರೆ ಎಂದಷ್ಟೇ ಅದು ಹೇಳುತ್ತದೆ. ಒಂದೇ ಮಗು ತನ್ನ ಓದನ್ನು ಒಂದು ಗಂಟೆ ಹೆಚ್ಚಿಸಿದರೆ ಏನಾಗುತ್ತದೆ ಎಂಬುದನ್ನು ಇಲ್ಲಿ ಯಾರೂ ಅಳೆದಿಲ್ಲ. ಹೆಚ್ಚು ಓದುವ ಮಕ್ಕಳಿಗೆ ಬಹುಶಃ ಗಣಿತ ಇಷ್ಟ ಇರಬಹುದು, ಹಿಂದಿನ ತರಗತಿಯ ಬುನಾದಿ ಗಟ್ಟಿ ಇರಬಹುದು. ಆ ಮೂರು ಅಂಕದಲ್ಲಿ ಅದೆಲ್ಲವೂ ಬೆರೆತಿದೆ.

ಮಗಳು ಬರೆದ ಉತ್ತರ ಪತ್ರಿಕೆಯನ್ನು ಅವಳ ಟೀಚರ್ ಜೊತೆ ಕೂತು ನೋಡಿ. ಯಾವ ಬಗೆಯ ಲೆಕ್ಕದಲ್ಲಿ ಅಂಕ ಹೋಗಿದೆ ಎಂಬುದು ಅಲ್ಲಿ ಸಿಗುತ್ತದೆ. ಗಂಟೆ ಹೆಚ್ಚಿಸುವ ಮಾತು ಅದಾದ ಮೇಲೆ.

ಕಪ್ಪುಹಲಗೆ

ಒಬ್ಬ ತಂದೆಯವರು ಹೇಳಿದ್ದು ನನ್ನ ತರಗತಿಯಲ್ಲಿ ಗುಂಪಾಗಿಯೇ ಕಂಡಿದೆ. ನಾನು ಇದೇ ಚಟುವಟಿಕೆ ಮಾಡಿಸಿದಾಗ ಗೆರೆ ಕೆಳಮುಖವಾಗಿ ಬಂತು. ಹೆಚ್ಚು ಓದಿದವರಿಗೆ ಕಡಿಮೆ ಅಂಕ! ಹಿಂದಿನ ಬೆಂಚಿನಿಂದ ಒಬ್ಬ ಎದ್ದು, ಹಾಗಾದರೆ ಓದುವುದು ಬಿಟ್ಟರೆ ಒಳ್ಳೆಯದಾ ಸರ್ ಎಂದು ನಿಜವಾಗಿಯೇ ಕೇಳಿದ. ಅವನಿಗೆ ಏನು ಹೇಳಬೇಕಿತ್ತು?

ಸಂಖ್ಯಾಸಖ

ಆ ಹುಡುಗ ಚಿತ್ರವನ್ನು ಸರಿಯಾಗಿಯೇ ಓದಿದ್ದಾನೆ. ಚಿತ್ರದಲ್ಲಿ ಇಲ್ಲದ ಒಂದು ವಿಷಯವನ್ನು ಅವನಿಗೆ ತೋರಿಸಬೇಕು. ಕಷ್ಟಪಡುವ ಮಕ್ಕಳನ್ನು ಮನೆಯವರೂ ಶಾಲೆಯವರೂ ಹೆಚ್ಚು ಹೊತ್ತು ಕೂರಿಸುತ್ತಾರೆ. ಚೆನ್ನಾಗಿ ಬರುವವರು ಬೇಗ ಮುಗಿಸಿ ಏಳುತ್ತಾರೆ. ಅಂದರೆ ಅಂಕ ಕಡಿಮೆ ಇರುವುದರಿಂದ ಗಂಟೆ ಹೆಚ್ಚಾಗಿದೆ.

ಇದನ್ನು ಆರೇ ಚುಕ್ಕೆಗಳಲ್ಲಿ ತೋರಿಸಬಹುದು. ಹಿಂದಿನ ವರ್ಷ ಒಳ್ಳೆಯ ಅಂಕ ಪಡೆದ ಮೂವರು: 2–38, 3–40, 4–43. ಹಿಂದಿನ ವರ್ಷ ಕಷ್ಟಪಟ್ಟ ಮೂವರು: 7–24, 8–26, 9–29. ಇವು ನಾನು ಪಾಠಕ್ಕಾಗಿ ಹೆಣೆದ ಅಂಕಿಗಳು. ಆರನ್ನೂ ಒಂದೇ ಬಣ್ಣದಲ್ಲಿ ಹಾಕಿದರೆ ಗೆರೆ ಗಂಟೆಗೆ ಸುಮಾರು 2.3 ಅಂಕ ಇಳಿಯುತ್ತದೆ. ಮೊದಲ ಮೂವರಿಗೆ ನೀಲಿ, ಉಳಿದ ಮೂವರಿಗೆ ಕೆಂಪು ಹಾಕಿ ಬೇರೆ ಬೇರೆ ಗೆರೆ ಎಳೆದರೆ ಎರಡೂ ಗಂಟೆಗೆ 2.5 ಅಂಕ ಏರುತ್ತವೆ. ಅದೇ ಚುಕ್ಕೆಗಳು, ಒಂದೂ ಅಲುಗಿಲ್ಲ. ನಿಮ್ಮ ತರಗತಿಯ ಚೀಟಿಗಳಲ್ಲಿ ಹಿಂದಿನ ವರ್ಷದ ಅಂಕವನ್ನೂ ಕೇಳಿ, ಎರಡು ಬಣ್ಣದಲ್ಲಿ ಹಾಕಿಸಿ ನೋಡಿ. ನಿಮ್ಮಲ್ಲೂ ಹೀಗೇ ಬರುತ್ತದೆ ಎಂದು ಭರವಸೆ ಕೊಡಲಾರೆ. ಬಣ್ಣ ಹಾಕಿದ ಮೇಲೂ ಇಳಿಯುತ್ತಲೇ ಇದ್ದರೆ ಬೇರೆ ಕಾರಣ ಹುಡುಕಬೇಕು.

ಕಪ್ಪುಹಲಗೆ

ಎರಡು ಬಣ್ಣದ ಉಪಾಯ ಹಿಡಿಸಿತು. ಆದರೆ ಯಾರು ಕೆಂಪು ಎಂದು ಇಡೀ ತರಗತಿಗೆ ಗೊತ್ತಾಗುತ್ತದಲ್ಲ? ಅದು ನನಗೆ ಸರಿ ಕಾಣುತ್ತಿಲ್ಲ.

ಲೆಕ್ಕದಮೇಷ್ಟ್ರು

ಸೂಜಿಯ ವಿಧಾನ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ದೂರವನ್ನು ವರ್ಗ ಮಾಡುವುದು ಯಾಕೆ? ಮಕ್ಕಳು ಅದನ್ನೇ ಕೇಳುತ್ತಾರೆ. ಮೇಲೆ ಕೆಳಗೆ ಎಷ್ಟು ದೂರ ಎಂದು ಕೂಡಿಸಿದರೆ ಸಾಲದೇ?

ಸಂಖ್ಯಾಸಖ

ಮೇಲಿನದನ್ನು ಕೂಡಿಸಿ ಕೆಳಗಿನದನ್ನು ಕಳೆದರೆ ಸೂಜಿಯ ಮೂಲಕ ಹೋಗುವ ಪ್ರತಿಯೊಂದು ಗೆರೆಗೂ ಉತ್ತರ ಸೊನ್ನೆ, ಆ ಅಡ್ಡ ಗೆರೆಗೂ ಸೊನ್ನೆ. ಹಾಗಾಗಿ ಅದರಿಂದ ಏನೂ ತಿಳಿಯುವುದಿಲ್ಲ. ಚಿಹ್ನೆ ಬಿಟ್ಟು ಬರೀ ದೂರಗಳನ್ನು ಕೂಡಿಸಬಹುದು, ಅದೂ ಒಂದು ಮಾನ್ಯವಾದ ದಾರಿಯೇ. ಆದರೆ ಆಗ ಗೆರೆ ಸರಾಸರಿ ಚುಕ್ಕೆಯ ಮೂಲಕವೇ ಹೋಗಬೇಕೆಂದಿಲ್ಲ, ಕೆಲವೊಮ್ಮೆ ಒಂದಕ್ಕಿಂತ ಹೆಚ್ಚು ಗೆರೆಗಳು ಸಮವಾಗಿ ಉತ್ತಮ ಆಗಿಬಿಡುತ್ತವೆ. ವರ್ಗ ಮಾಡಿದರೆ, ಎಲ್ಲರ ಗಂಟೆಯೂ ಒಂದೇ ಆಗಿರದಿದ್ದರೆ, ಒಂದೇ ಒಂದು ಗೆರೆ ಸಿಗುತ್ತದೆ ಮತ್ತು ಅದನ್ನು ಕೈಯಲ್ಲೇ ಲೆಕ್ಕ ಹಾಕಬಹುದು. ಫ್ರಾನ್ಸಿನ ಲೆಜೆಂಡ್ರೆ 1805ರಲ್ಲಿ ಧೂಮಕೇತುಗಳ ಕಕ್ಷೆಯ ಲೆಕ್ಕದೊಂದಿಗೆ ಈ ವಿಧಾನ ಪ್ರಕಟಿಸಿದ್ದು.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ, ಅದೇ ಮೇಡಂ ಅವರ ಮೊದಲ ಪ್ರಶ್ನೆ. 12 + 3 × ಗಂಟೆ ಗೆರೆಯ ಪ್ರಕಾರ 10 ಗಂಟೆಯವರಿಗೆ 42 ಬರಬೇಕು, ಬಂದದ್ದು 18. ದೂರ 24, ಅದರ ವರ್ಗ 576. ಉಳಿದ ಹತ್ತು ಮಕ್ಕಳದ್ದೆಲ್ಲ ಸೇರಿ 60, ಈ ಒಂದು ಚುಕ್ಕೆಯದೇ 576! 2–42ರದ್ದೂ ಅಷ್ಟೇ. ಆ ಎರಡು ಮೊತ್ತವನ್ನು ತಗ್ಗಿಸಲು ಗೆರೆ ಉಳಿದ ಹತ್ತನ್ನೂ ಬಿಟ್ಟುಕೊಟ್ಟು ಮಲಗುತ್ತದೆ.

ಇನ್ನೊಂದು ಗಮನಿಸಿ. ಈ ಎರಡನ್ನು ಸೇರಿಸಿದ ಮೇಲೂ ಸರಾಸರಿ 6 ಗಂಟೆ, 30 ಅಂಕವೇ. ಸೂಜಿ ಅಲುಗಲಿಲ್ಲ, ಸ್ಕೇಲ್ ಮಾತ್ರ ತಿರುಗಿತು. ಅವು ಎರಡು ತುದಿಗಳಲ್ಲಿ ಇರುವುದರಿಂದ ಹೀಗಾಯಿತು. ಅದೇ 24 ಅಂಕದ ದೂರದ ಒಂದು ಚುಕ್ಕೆ ನಡುವೆ, 6 ಗಂಟೆಯ ಜಾಗದಲ್ಲಿ ಬಿದ್ದಿದ್ದರೆ, ಅಂದರೆ 6–6, ಗೆರೆಯ ಓರೆ 3ರಲ್ಲೇ ಉಳಿದು ಇಡೀ ಗೆರೆ ಎರಡು ಅಂಕದಷ್ಟು ಕೆಳಗೆ ಕೂರುತ್ತಿತ್ತು. ಬಾಗಿಲನ್ನು ಕೀಲಿನ ಹತ್ತಿರ ತಳ್ಳುವುದಕ್ಕೂ ಅಂಚಿನಲ್ಲಿ ತಳ್ಳುವುದಕ್ಕೂ ಇರುವ ವ್ಯತ್ಯಾಸವೇ ಇದು.

ಕೋಶ_ಬಿ2

ಕಂಪ್ಯೂಟರ್‌ನಲ್ಲಿ ಸ್ಪ್ರೆಡ್‌ಶೀಟ್ ಬಳಸಿ ಮಾಡಿಸುವವರಿಗೆ ಒಂದು ಮಾತು. ಗಂಟೆ A ಕಾಲಂನಲ್ಲಿ, ಅಂಕ B ಕಾಲಂನಲ್ಲಿ ಇದ್ದರೆ:

```
=SLOPE(B2:B11, A2:A11)
=INTERCEPT(B2:B11, A2:A11)
```

ಅಂಕದ ಕಾಲಂ ಮೊದಲು ಬರಬೇಕು. ಮಕ್ಕಳು A ಮೊದಲು ಹಾಕಿಬಿಡುತ್ತಾರೆ, ದೋಷದ ಸಂದೇಶ ಏನೂ ಬರುವುದಿಲ್ಲ. ಈ ಹತ್ತು ಚುಕ್ಕೆಗಳಿಗೆ ಆಗ 3ರ ಬದಲು 0.3 ಬರುತ್ತದೆ. ಅದು ಅಂಕದಿಂದ ಗಂಟೆಯನ್ನು ಊಹಿಸುವ ಗೆರೆ. ತಿರುಗಿಸಿದರೆ ಸರಿಹೋಗುತ್ತದೆ ಎಂದು 1ನ್ನು 0.3ರಿಂದ ಭಾಗಿಸಿದರೆ 3.33 ಸಿಗುತ್ತದೆ, 3 ಅಲ್ಲ. ಅವೆರಡೂ ಬೇರೆ ಬೇರೆ ಗೆರೆಗಳೇ.

ಮೊದಲು ಚಿತ್ರ, ಆಮೇಲೆ ಸೂತ್ರ ಎಂಬ ಕ್ರಮವನ್ನೂ ಬಿಡಬೇಡಿ. 1973ರಲ್ಲಿ ಆನ್‌ಸ್ಕೂಂಬ್ ಎಂಬ ಸಂಖ್ಯಾಶಾಸ್ತ್ರಜ್ಞರು ಕೊಟ್ಟ ನಾಲ್ಕು ಅಂಕಿಪಟ್ಟಿಗಳಿಗೆ ಕಂಪ್ಯೂಟರ್ ಹೆಚ್ಚುಕಡಿಮೆ ಒಂದೇ ಗೆರೆ ಕೊಡುತ್ತದೆ, 3 + 0.5x. ಚಿತ್ರ ಬರೆದರೆ ಒಂದು ಮಾತ್ರ ನಿಜವಾಗಿ ಆ ಗೆರೆಗೆ ಒಪ್ಪುತ್ತದೆ. ಇನ್ನೊಂದು ಬಾಗಿದೆ, ಮತ್ತೊಂದರಲ್ಲಿ ದೂರದ ಒಂದೇ ಚುಕ್ಕೆ ಗೆರೆಯನ್ನು ಎಳೆದಿದೆ, ಕೊನೆಯದರಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಒಂದೇ ಕಂಬದಂತೆ ನಿಂತಿವೆ.

ಗ್ರಾಫ್‌ಹಾಳೆ

ಎಲ್ಲರಿಗೂ ಧನ್ಯವಾದ. ಸೂಜಿ–ಸ್ಕೇಲ್ ಮಾಡಿಸಿದೆ. ಹಲಗೆಯ ಮೇಲೆ ಮೊತ್ತಗಳು ಇಳಿದು ಮತ್ತೆ ಏರುವುದನ್ನು ನೋಡಿ ಮಕ್ಕಳೇ ನಡುವಿನ ಓರೆಗಳನ್ನು ಪ್ರಯತ್ನಿಸತೊಡಗಿದರು.

ಆ ಎರಡು ಚುಕ್ಕೆಗಳ ವಿಷಯ. ಚೀಟಿಯ ಸಂಖ್ಯೆ ಹಿಡಿದು ಇಬ್ಬರನ್ನೂ ಬೇರೆ ಬೇರೆಯಾಗಿ, ಯಾರೂ ಇಲ್ಲದಾಗ ಮಾತಾಡಿಸಿದೆ. 10–18 ಬರೆದ ಮಗು ಎಲ್ಲ ವಿಷಯಗಳ ಓದನ್ನೂ ಸೇರಿಸಿ ಗಂಟೆ ಬರೆದಿತ್ತು. ಗಣಿತಕ್ಕೆ ಎಷ್ಟು ಎಂದು ಈಗ ಕೇಳಿದರೆ ಹೇಳಲು ಗೊತ್ತಾಗುತ್ತಿಲ್ಲ. 2–42 ಬರೆದವಳದು ಸರಿಯಾಗಿಯೇ ಇದೆ, ಅವಳು ಮನೆಯಲ್ಲಿ ಅಷ್ಟೇ ಓದುವುದು. ಹಾಗಾದರೆ ಮೊದಲನೆಯದನ್ನು ತೆಗೆದು ಎರಡನೆಯದನ್ನು ಉಳಿಸಿಕೊಳ್ಳಬಹುದಲ್ಲವೇ? ಹನ್ನೊಂದು ಚುಕ್ಕೆಗೆ ಗೆರೆ ಸುಮಾರು 20.8 + 1.83 × ಗಂಟೆ ಬಂತು.

ಲೆಕ್ಕದಮೇಷ್ಟ್ರು

ಇದು ಸರಿಯಾದ ಕ್ರಮ. ಕಾರಣ ಸಿಕ್ಕಿತು, ತೆಗೆದಿರಿ. ಮುಗಿಯಿತು.

ಸಂಖ್ಯಾಸಖ

ಮೇಷ್ಟ್ರೇ, ಮುಗಿಯಲಿಲ್ಲ. ಮೇಡಂ ವಿಚಾರಿಸಿದ್ದು ಒಳ್ಳೆಯದು, ಕಾರಣ ಗೊತ್ತಿಲ್ಲದೆ ತೆಗೆಯುವುದಕ್ಕಿಂತ ಸಾವಿರ ಪಾಲು ಉತ್ತಮ. ಆದರೆ ವಿಚಾರಿಸಿದ್ದು ಯಾರನ್ನು? ಗೆರೆಗೆ ಒಪ್ಪದವರನ್ನು ಮಾತ್ರ. 8–38 ಬರೆದ ಮಗುವೂ ಎಲ್ಲ ವಿಷಯ ಸೇರಿಸಿಯೇ ಎಂಟು ಎಂದು ಬರೆದಿದ್ದರೆ? ಅದರ ಚುಕ್ಕೆ ಗೆರೆಯ ಪಕ್ಕದಲ್ಲೇ ಕೂತಿದೆ, ಆದ್ದರಿಂದ ಯಾರಿಗೂ ಅನುಮಾನ ಬಂದಿಲ್ಲ. ಒಪ್ಪದವರನ್ನಷ್ಟೇ ಪ್ರಶ್ನಿಸಿ, ತಪ್ಪು ಸಿಕ್ಕಾಗ ತೆಗೆಯುತ್ತಾ ಹೋದರೆ ಗೆರೆ ಪ್ರತಿ ಸಲವೂ ನಮಗೆ ಬೇಕಾದ ಕಡೆಗೇ ಸುಧಾರಿಸುತ್ತದೆ. ಮಕ್ಕಳ ಎದುರು ಇದನ್ನೇ ಚರ್ಚೆಗೆ ಇಡಿ ಎಂದು ನಾನು ಒತ್ತಾಯ ಮಾಡುತ್ತೇನೆ. ಈ ಪಾಠದಲ್ಲಿ ಇದಕ್ಕಿಂತ ಮುಖ್ಯವಾದದ್ದು ನನಗೆ ಕಾಣುತ್ತಿಲ್ಲ.

ಚೀಟಿಯ ಪ್ರಶ್ನೆಯಲ್ಲಿ ಗಣಿತ ಎಂಬುದು ಅಂಕದ ಜೊತೆಗೆ ಮಾತ್ರ ಇದೆ, ಗಂಟೆಯ ಜೊತೆಗೆ ಇಲ್ಲ. ಹಾಗಾಗಿ ಎಲ್ಲರಿಗೂ ಮತ್ತೆ ಕೇಳುವುದೇ ದಾರಿ. ವಾರಕ್ಕೆ ಎಷ್ಟು ಎಂದು ನೆನಪಿನಿಂದ ಕೇಳಬೇಡಿ. ಒಂದು ವಾರ ಪ್ರತಿದಿನ ಗಣಿತಕ್ಕೆ ಕೂತ ನಿಮಿಷಗಳನ್ನು ಆ ದಿನವೇ ಬರೆದುಕೊಳ್ಳಲಿ. ನೆನಪಿನಿಂದ ಬರೆದರೆ 5, 10 ಎಂಬ ದುಂಡು ಸಂಖ್ಯೆಗಳೇ ತುಂಬುತ್ತವೆ, ಗ್ರಾಫ್‌ನಲ್ಲಿ ಆ ಜಾಗಗಳಲ್ಲಿ ಚುಕ್ಕೆಗಳು ಕಂಬ ಕಂಬವಾಗಿ ನಿಲ್ಲುತ್ತವೆ. ಗಂಟೆಗಳಲ್ಲಿ ಹೀಗೆ ಎತ್ತೆಂದರತ್ತ ತಪ್ಪು ಬೆರೆತಷ್ಟೂ ಗೆರೆ ಇರಬೇಕಾದದ್ದಕ್ಕಿಂತ ಚಪ್ಪಟೆಯಾಗುತ್ತದೆ. ಹೆಚ್ಚು ಮಕ್ಕಳನ್ನು ಸೇರಿಸಿದರೂ ಅದು ಸರಿಹೋಗುವುದಿಲ್ಲ.

ಪ್ರಯೋಗಶಾಲೆ

ಅಲ್ಲಿಯವರೆಗೆ ಪಾಠ ನಿಲ್ಲಿಸಬೇಕೇ? ಈ ಹನ್ನೆರಡು ಚುಕ್ಕೆಗಳನ್ನು ಇಟ್ಟುಕೊಂಡೇ ಮಾಡಬಹುದಾದದ್ದು ಏನೂ ಇಲ್ಲವೇ? ನಮ್ಮ ಪ್ರಯೋಗಗಳಲ್ಲಿ ಒಂದು ಅಳತೆ ಅನುಮಾನ ಹುಟ್ಟಿಸಿದರೆ ಮತ್ತೆ ಅಳೆಯುತ್ತೇವೆ, ಆದರೆ ಕಳೆದ ಪರೀಕ್ಷೆಯ ವಾರವನ್ನು ಮತ್ತೆ ಅಳೆಯಲು ಆಗುವುದಿಲ್ಲವಲ್ಲ.

ಸಂಖ್ಯಾಸಖ

ಇದೆ ಮೇಡಂ. ಯಾವ ಚುಕ್ಕೆಯನ್ನೂ ತೆಗೆಯದೆ, ಗೆರೆಯೂ ಮಲಗದ ಹಾಗೆ ಮಾಡುವ ಒಂದು ವಿಧಾನ ಇದೆ. ಬರೀ ಮಧ್ಯಾಂಕ ಗೊತ್ತಿದ್ದರೆ ಸಾಕು.

ಹನ್ನೆರಡನ್ನೂ ಗಂಟೆಯ ಪ್ರಕಾರ ಜೋಡಿಸಿ ನಾಲ್ಕು ನಾಲ್ಕರ ಮೂರು ಗುಂಪು ಮಾಡಿ. ಎಡ ಗುಂಪು 2–18, 2–42, 3–22, 4–21. ಗಂಟೆಗಳ ಮಧ್ಯಾಂಕ 2.5, ಅಂಕಗಳ ಮಧ್ಯಾಂಕ 21.5. ಬಲ ಗುಂಪು 8–38, 9–36, 10–43, 10–18. ಮಧ್ಯಾಂಕಗಳು 9.5 ಮತ್ತು 37. ಈ ಎರಡು ಜಾಗಗಳ ನಡುವೆ 7 ಗಂಟೆಗೆ 15.5 ಅಂಕದ ಏರಿಕೆ, ಅಂದರೆ ಗಂಟೆಗೆ ಸುಮಾರು 2.2. ನಡು ಗುಂಪಿನ ಮಧ್ಯಾಂಕಗಳು 6 ಮತ್ತು 30. ಮೊದಲೆರಡನ್ನು ಸೇರಿಸುವ ಗೆರೆಯ ಮೇಲೆ ಸ್ಕೇಲ್ ಇಟ್ಟು, ಓರೆ ಬದಲಿಸದೆ, ನಡು ಗುಂಪಿನ ಕಡೆಗೆ ಮೂರನೇ ಒಂದು ಭಾಗ ಸರಿಸಿದರೆ ಮುಗಿಯಿತು. ಸುಮಾರು 16.2 + 2.2 × ಗಂಟೆ.

ಅದೇ ಹನ್ನೆರಡು ಚುಕ್ಕೆಗಳಿಗೆ ವರ್ಗದ ವಿಧಾನ 0.91 ಕೊಟ್ಟಿತ್ತು. ಇಲ್ಲಿ 42 ಎಂಬುದು ಎಡ ಗುಂಪಿನಲ್ಲಿ ದೊಡ್ಡದು ಎಂದಷ್ಟೇ ಲೆಕ್ಕಕ್ಕೆ ಬರುತ್ತದೆ, ಎಷ್ಟು ದೊಡ್ಡದು ಎಂಬುದು ಬರುವುದಿಲ್ಲ. ಹಾಗೆಂದು ಇದೇ ನಿಜವಾದ ಗೆರೆ ಎನ್ನಬೇಡಿ. ಹನ್ನೆರಡೇ ಚುಕ್ಕೆಗಳಿರುವಾಗ ಒಂದು ಚುಕ್ಕೆ ಈ ಗುಂಪಿನಿಂದ ಆ ಗುಂಪಿಗೆ ಹೋದರೂ ಉತ್ತರ ಬದಲಾಗುತ್ತದೆ. 5–28ರ ಗಂಟೆಯನ್ನು ಎರಡು ಕಡಿಮೆ ಮಾಡಿ ಮತ್ತೆ ಗುಂಪು ಮಾಡಿಸಿ, ಮಕ್ಕಳಿಗೇ ಗೊತ್ತಾಗುತ್ತದೆ.

ಲೆಕ್ಕದಮೇಷ್ಟ್ರು

ಒಂದೇ ಮಾಹಿತಿಗೆ ಈಗ ನಾಲ್ಕು ಗೆರೆ ಆಯಿತು. 0.91, 1.83, 2.2, 3. ಒಂಬತ್ತನೇ ತರಗತಿಯ ಮಗು ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು? ನನಗೆ ಇದು ಇನ್ನೂ ಒಪ್ಪಿಗೆಯಾಗಿಲ್ಲ. ಮಗುವಿಗೆ ಮೊದಲು ಒಂದು ದಾರಿ ಗಟ್ಟಿಯಾಗಬೇಕು.

ಸಂಖ್ಯಾಸಖ

ಪರೀಕ್ಷೆಯಲ್ಲಿ ಕೊಟ್ಟ ಚುಕ್ಕೆಗಳಿಗೆಲ್ಲ ಗೆರೆ ಎಳೆಯಲಿ, ಅದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯ ಇಲ್ಲ. ತರಗತಿಯಲ್ಲಿ ಮಾತ್ರ ನಾನು ನಾಲ್ಕನ್ನೂ ಒಂದೇ ಹಾಳೆಯ ಮೇಲೆ ಎಳೆಸಿ, ಪ್ರತಿಯೊಂದರ ಪಕ್ಕದಲ್ಲಿ ಯಾವ ಚುಕ್ಕೆ ಸೇರಿದೆ, ಯಾವುದು ಇಲ್ಲ, ಯಾಕೆ ಎಂದು ಬರೆಸುತ್ತೇನೆ. ನೀವು ಒಂದನ್ನೇ ಕಲಿಸುತ್ತೀರಿ ಎಂದರೆ ಹನ್ನೆರಡು ಚುಕ್ಕೆಯ 0.91ನ್ನೇ ಕಲಿಸಿ. ಎರಡನ್ನು ಸದ್ದಿಲ್ಲದೆ ತೆಗೆದ 3 ಮಾತ್ರ ಬೇಡ.

ಕಪ್ಪುಹಲಗೆ

ನನ್ನ ಪ್ರಶ್ನೆ ಹಾಗೇ ಉಳಿದಿದೆ. ಹೆಸರು ಬರೆಸದಿದ್ದರೂ ಹನ್ನೆರಡು ಜನರ ಗುಂಪಿನಲ್ಲಿ 10–18 ಯಾರು ಎಂದು ಪಕ್ಕದಲ್ಲಿ ಕೂತವರಿಗೆ ಗೊತ್ತಾಗುತ್ತದೆ. ಉತ್ತರ ಪತ್ರಿಕೆ ಕೊಟ್ಟ ದಿನವೇ ಎಲ್ಲರೂ ಎಲ್ಲರ ಅಂಕ ಕೇಳಿಕೊಂಡಿರುತ್ತಾರೆ.

ಗ್ರಾಫ್‌ಹಾಳೆ

ಇದು ನನ್ನನ್ನೂ ಕಾಡುತ್ತಿದೆ ಸರ್. ಪಕ್ಕದ ವಿಭಾಗದ ಟೀಚರ್ ಜೊತೆ ಮಾತಾಡಿದೆ. ಅವರ ಮಕ್ಕಳ ಚೀಟಿ ನಮಗೆ, ನಮ್ಮವು ಅವರಿಗೆ ಕೊಟ್ಟು, ಎರಡೂ ವಿಭಾಗದ ಚೀಟಿಗಳ ಸಂಖ್ಯೆ ಬದಲಿಸಿ ಕಲಸುವುದು ಎಂದು ಯೋಚಿಸಿದ್ದೇವೆ. ಚುಕ್ಕೆಗಳೂ ಹೆಚ್ಚಾಗುತ್ತವೆ. ಇಷ್ಟವಿಲ್ಲದವರು ಚೀಟಿ ಖಾಲಿ ಬಿಡಬಹುದು ಎಂದೂ ಹೇಳುತ್ತೇವೆ.

ಹೊಸ ಚೀಟಿಯಲ್ಲಿ ಏಳು ದಿನಕ್ಕೆ ಏಳು ಮನೆ, ಪ್ರತಿ ಮನೆಯಲ್ಲಿ ಗಣಿತಕ್ಕೆ ಕೂತ ನಿಮಿಷ, ಟ್ಯೂಷನ್ ಇದ್ದರೆ ಅದು ಪಕ್ಕದಲ್ಲಿ ಬೇರೆ. ಕೊನೆಯಲ್ಲಿ ಹಿಂದಿನ ವರ್ಷದ ಗಣಿತದ ಅಂಕ. ಆ ವಾರದ ಕೊನೆಗೆ ಒಂದು ಚಿಕ್ಕ ಪರೀಕ್ಷೆ ಇಡುತ್ತೇನೆ, ಗಂಟೆ ಮತ್ತು ಅಂಕ ಒಂದೇ ಅವಧಿಗೆ ಸೇರಿದವು ಆಗಲಿ ಎಂದು.

ಸಂಖ್ಯಾಸಖ

ಒಳ್ಳೆಯದು. ಒಂದೇ ಸೇರ್ಪಡೆ: ಖಾಲಿ ಬಿಟ್ಟ ಚೀಟಿಗಳು ಎಷ್ಟು ಎಂದು ಎಣಿಸಿ ಗ್ರಾಫ್‌ನ ಕೆಳಗೆ ಬರೆಸಿ. ಕಡಿಮೆ ಅಂಕ ಬಂದವರೇ ಹೆಚ್ಚಾಗಿ ಖಾಲಿ ಬಿಟ್ಟರೆ ಗ್ರಾಫ್‌ನ ಕೆಳಭಾಗವೇ ಇಲ್ಲದಂತಾಗುತ್ತದೆ, ಗೆರೆಯೂ ಬದಲಾಗುತ್ತದೆ. ಟ್ಯೂಷನ್ ನಿಮಿಷಗಳನ್ನು ಓದಿನ ಗಂಟೆಗೆ ಕೂಡಿಸಬೇಕೋ ಬೇಡವೋ ಎಂಬುದನ್ನು ಚುಕ್ಕೆ ಹಾಕುವ ಮೊದಲೇ ತೀರ್ಮಾನಿಸಿ. ಎರಡೂ ಥರ ಹಾಕಿ ನೋಡಿ ಚೆಂದ ಕಂಡದ್ದನ್ನು ಆರಿಸುವುದು ಬೇಡ.

ಲೆಕ್ಕದಮೇಷ್ಟ್ರು

ಟ್ಯೂಷನ್ ಕೂಡಿಸಲೇಬೇಕು. ಅದೂ ಓದೇ ಅಲ್ಲವೇ?

ಪ್ರಯೋಗಶಾಲೆ

ನನಗೆ ಹಾಗನಿಸುವುದಿಲ್ಲ ಸರ್. ಅಲ್ಲಿ ಇನ್ನೊಬ್ಬರು ಹೇಳುವುದನ್ನು ಕೇಳುತ್ತಾ ಕೂತ ಒಂದು ಗಂಟೆಯೂ ತಾನೇ ಲೆಕ್ಕ ಮಾಡಿದ ಒಂದು ಗಂಟೆಯೂ ಒಂದೇ ಅಳತೆ ಆಗುತ್ತದೆಯೇ? ಟ್ಯೂಷನ್‌ಗೆ ಹೋಗುವವರನ್ನು ಬೇರೆ ಗುರುತಿನಲ್ಲಿ, ಚುಕ್ಕೆಯ ಬದಲು ಗುಣಾಕಾರ ಚಿಹ್ನೆಯಲ್ಲಿ ಹಾಕಿಸಿ ಮೇಡಂ. ಹೊಸ ಚೀಟಿಗಳು ಬಂದ ಮೇಲೆ ಅಂಕಿಗಳನ್ನು ಇಲ್ಲೇ ಹಾಕಿ, ನಾನೂ ಎಳೆದು ನೋಡುತ್ತೇನೆ.